ಫ್ಲೆಕ್ಸ್ ನೋಡಿ ಬಂದವರು ಕೌಂಟರಿನಿಂದ ವಾಪಸ್ ಹೋದರು: ಒಂದು ಬಿಕಾಂ ಕೋರ್ಸಿನ ಪ್ರವೇಶದ ಪ್ರಕರಣ

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಖಾಸಗಿ ಪದವಿ ಕಾಲೇಜಿನ ಪ್ರಕರಣ ಇದು. ಕಾಲೇಜಿಗೆ ಸರ್ಕಾರದ ಅನುದಾನ ಇಲ್ಲ, ಮಕ್ಕಳು ಕಟ್ಟುವ ಫೀಸಿನಿಂದಲೇ ನಡೆಯಬೇಕು. ಊರಿನ ಹೆಸರು, ಕಾಲೇಜಿನ ಹೆಸರು ಬೇಡ. ಗುರುತು ಸಿಗಬಾರದೆಂದು ಅಂಕಿಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ನಾನು ಅಲ್ಲಿ ವಾಣಿಜ್ಯ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಪ್ರವೇಶ ಸಮಿತಿಯಲ್ಲೂ ಇದ್ದೆ.

ಬಿಕಾಂಗೆ ಎರಡು ಸೆಕ್ಷನ್, ಒಟ್ಟು 120 ಸೀಟು. 2021ರಲ್ಲಿ 116 ತುಂಬಿದ್ದವು, 2022ರಲ್ಲಿ 98. 2023ರಲ್ಲಿ 72ಕ್ಕೆ ಇಳಿಯಿತು. ಆಡಳಿತ ಮಂಡಳಿಯಲ್ಲಿ ಎರಡನೇ ಸೆಕ್ಷನ್ ಮುಚ್ಚುವ ಮಾತು ಶುರುವಾಯಿತು. ಸೆಕ್ಷನ್ ಮುಚ್ಚಿದರೆ ಮೂರ್ನಾಲ್ಕು ಮೇಷ್ಟ್ರುಗಳ ಕೆಲಸವೂ ಹೋಗುತ್ತದೆ.

ಹೊರಗಿನ ಕಾರಣಗಳೂ ಇದ್ದವು. ಊರಿನ ಇನ್ನೊಂದು ತುದಿಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ, ಅಲ್ಲಿ ಫೀಸು ತುಂಬಾ ಕಡಿಮೆ. ಜಿಲ್ಲಾ ಕೇಂದ್ರ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಹಳ್ಳಿಯ ಹೆಣ್ಣುಮಕ್ಕಳು ನಮ್ಮಲ್ಲಿಗೆ ಬರುತ್ತಿದ್ದದ್ದಕ್ಕೆ ಮುಖ್ಯ ಕಾರಣ ಕಾಲೇಜು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಅಲ್ಲಿಗೆ ನಮ್ಮ ಬಸ್ಸಿನ ಆಕರ್ಷಣೆ ಒಂದೇ ತಿಂಗಳಲ್ಲಿ ಇಳಿದುಹೋಯಿತು. ಹಣ ಕೊಟ್ಟು ಹತ್ತುವ ಬಸ್ಸು ಯಾಕೆ, ಅದೇ ದಾರಿಯಲ್ಲಿ ಪುಕ್ಕಟೆಯಾಗಿ ಜಿಲ್ಲಾ ಕೇಂದ್ರಕ್ಕೇ ಹೋಗಬಹುದಲ್ವಾ?

ಇದನ್ನೆಲ್ಲ ಹೇಳಿ ಸುಮ್ಮನಾಗಬಹುದಿತ್ತು. ಮಂಡಳಿಯ ಕಾರ್ಯದರ್ಶಿಗಳು ಹೇಳಿದ್ದು ಬೇರೆ: "ಮೇಷ್ಟ್ರೇ, ಪ್ರಚಾರ ಸಾಲ್ತಾ ಇಲ್ಲ. ಈ ಸಲ ಫ್ಲೆಕ್ಸ್ ಡಬಲ್ ಮಾಡೋಣ."

ಸಮಸ್ಯೆ ಎಲ್ಲಿತ್ತು

ಫ್ಲೆಕ್ಸ್ ಡಬಲ್ ಮಾಡುವ ಮೊದಲು ನಾವು ವಿಚಾರಣೆ ರಿಜಿಸ್ಟರ್ ತೆರೆದೆವು. ಕಾಲೇಜಿಗೆ ಬಂದು ಕೇಳಿದವರ ಹೆಸರು, ಊರು, ಫೋನ್ ನಂಬರು ಬರೆಸಿಕೊಳ್ಳುವ ಪುಸ್ತಕ ಅದು. ಬರೆಸಿಕೊಂಡ ಮೇಲೆ ಅದನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. 2023ರಲ್ಲಿ ಬಿಕಾಂ ಕೇಳಿಕೊಂಡು 263 ಮಂದಿ ಬಂದಿದ್ದರು. ಅವರಲ್ಲಿ ಅರ್ಜಿ ಕೊಂಡವರು 148, ಫೀಸು ಕಟ್ಟಿದವರು 72.

ಈ ಮೂರು ಅಂಕಿ ಇಟ್ಟುಕೊಂಡೇ ಫ್ಲೆಕ್ಸಿನ ಮಾತು ನಿಲ್ಲಿಸಿದೆವು. ಫ್ಲೆಕ್ಸಿನ ಕೆಲಸ ಜನರನ್ನು ಗೇಟಿನವರೆಗೆ ಕರೆತರುವುದು. ಅದು ನಡೆದಿತ್ತು. 120 ಸೀಟಿಗೆ ಎರಡು ಪಟ್ಟು ಜನ ಒಳಗೆ ಕಾಲಿಟ್ಟಿದ್ದರು. ಅರ್ಜಿಗೆ ದುಡ್ಡು ಕೊಟ್ಟು ಕೊಂಡವರಲ್ಲೇ 76 ಮಂದಿ ವಾಪಸ್ ಬರಲಿಲ್ಲ. ಸೋರಿಕೆ ಇದ್ದದ್ದು ಗೇಟಿನ ಒಳಗೆ.

ಆ 76 ಮನೆಗಳಿಗೆ ಫೋನ್ ಮಾಡಿಸಿದೆವು. 58 ಮನೆಯವರು ಮಾತಾಡಿದರು. 14 ಮಂದಿ ಜಿಲ್ಲಾ ಕೇಂದ್ರಕ್ಕೆ ಹೋಗಿದ್ದರು. 23 ಮಂದಿ "ಫೀಸು ಜಾಸ್ತಿ ಆಯ್ತು ಸರ್" ಅಂದರು. ಇನ್ನು 21 ಮಂದಿ ಹೇಳಿದ್ದು ನಮ್ಮ ಆಫೀಸಿನ ಬಗ್ಗೆ: ಹೋದಾಗ ಸಾಹೇಬರು ಇರಲಿಲ್ಲ, ನಾಳೆ ಬನ್ನಿ ಅಂದರು, ಒಬ್ಬರು ಒಂದು ಫೀಸು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳಿದರು.

ಫೀಸು ಅಂದವರ ಮಾತನ್ನೂ ಹಾಗೇ ನಂಬಬಾರದು. ಬೇಡ ಅನ್ನುವುದಕ್ಕೆ ಅದು ಮರ್ಯಾದೆಯ ಕಾರಣ. ಇನ್ನೂ ಸ್ವಲ್ಪ ಕೆದಕಿದಾಗ ಅವರಲ್ಲಿ 9 ಮಂದಿ, ಕಂತಿನಲ್ಲಿ ಕಟ್ಟಬಹುದು ಅಂತ ಗೊತ್ತಿದ್ದರೆ ಸೇರಿಸುತ್ತಿದ್ದೆವು ಅಂದರು. ಕಂತಿನ ಸೌಲಭ್ಯ ನಮ್ಮಲ್ಲಿ ಎಷ್ಟೋ ವರ್ಷದಿಂದ ಇತ್ತು! ಕೇಳಿದವರಿಗೆ ಮಾತ್ರ ಹೇಳುತ್ತಿದ್ದರು, ಅಷ್ಟೇ.

ಕಾಲೇಜನ್ನು ಸೇವೆ ಎಂದು ನೋಡುವುದರ ಉಪಯೋಗ ಇಲ್ಲಿ ಶುರುವಾಗುತ್ತದೆ. ಫ್ಯಾನು ಕೊಳ್ಳುವವರು ಅಂಗಡಿಯಲ್ಲಿ ಸ್ವಿಚ್ ಹಾಕಿ ನೋಡುತ್ತಾರೆ. ಮೂರು ವರ್ಷದ ಬಿಕಾಂ ಅನ್ನು ಮೊದಲೇ ಹಾಕಿ ನೋಡುವುದು ಹೇಗೆ? ಮುಗಿದ ಮೇಲೂ ಅದು ಒಳ್ಳೆಯದಿತ್ತೋ ಇಲ್ಲವೋ ಅಂತ ಹೇಳಲು ಎಷ್ಟೋ ಮನೆಯವರಿಗೆ ಆಗುವುದಿಲ್ಲ. ಹಾಗಾಗಿ ಕಾಣದ ಪಾಠದ ಬದಲು ಕಾಣುವುದನ್ನು ನೋಡಿ ಅಳೆಯುತ್ತಾರೆ. ಕೌಂಟರಿನಲ್ಲಿ ಹೇಗೆ ಮಾತಾಡಿಸಿದರು, ಕೂರಲು ಬೆಂಚು ಇತ್ತಾ, ಕೇಳಿದ್ದಕ್ಕೆ ಎಲ್ಲರೂ ಒಂದೇ ಉತ್ತರ ಕೊಟ್ಟರಾ. ಆಫೀಸಿನಲ್ಲೇ ಹೀಗಾದರೆ ಕ್ಲಾಸಿನಲ್ಲಿ ಹೇಗೋ ಅನ್ನುವ ಲೆಕ್ಕ ಅವರದು. ಅದರಲ್ಲಿ ತಪ್ಪೂ ಇಲ್ಲ.

ಮೊದಲ ಪ್ರಯತ್ನ: ಮೂರು ಸಲ ಬರುವುದನ್ನು ಒಂದು ಸಲ ಮಾಡಿದ್ದು

ಲಿನ್ ಶೋಸ್ಟಾಕ್ 1984ರಲ್ಲಿ ಸೇವೆಯ ನಕ್ಷೆ ಬಿಡಿಸುವ ಒಂದು ವಿಧಾನವನ್ನು ಬರೆದರು. ಗ್ರಾಹಕ ಮಾಡುವ ಕೆಲಸಗಳನ್ನು ಸಾಲಾಗಿ ಮೇಲೆ ಬರೆಯಬೇಕು. ಅದರ ಕೆಳಗೆ ಅವನ ಕಣ್ಣಿಗೆ ಬೀಳುವ ಸಿಬ್ಬಂದಿಯ ಕೆಲಸ. ಅಲ್ಲೊಂದು ಗೆರೆ ಎಳೆದು, ಅದರ ಕೆಳಗೆ ಕಣ್ಣಿಗೆ ಬೀಳದ ಕೆಲಸ. ನಾವು ಡ್ರಾಯಿಂಗ್ ಶೀಟು ಅಂಟಿಸಿ, ಆಫೀಸಿನವರನ್ನೂ ಕೂರಿಸಿಕೊಂಡು ಪ್ರವೇಶದ ನಕ್ಷೆ ಬಿಡಿಸಿದೆವು.

ಒಬ್ಬ ತಂದೆ ಮಗಳನ್ನು ಸೇರಿಸಲು ಮೂರು ಸಲ ಬರಬೇಕಿತ್ತು. ಕೇಳಿಕೊಂಡು ಹೋಗಲು ಒಮ್ಮೆ, ಟಿಸಿ ಮತ್ತು ಅಂಕಪಟ್ಟಿ ಹಿಡಿದು ಇನ್ನೊಮ್ಮೆ, ದುಡ್ಡು ಕಟ್ಟಲು ಮತ್ತೊಮ್ಮೆ. ಹಳ್ಳಿಯಿಂದ ಬರುವವರಿಗೆ ಒಂದೊಂದು ಸಲವೂ ಒಂದು ದಿನದ ಕೂಲಿ ಹೋಗುತ್ತದೆ. ಮೂರನೇ ಸಲ ಯಾಕೆ ಬೇಕಾಗುತ್ತಿತ್ತು? ಅರ್ಜಿಗೆ ಪ್ರಿನ್ಸಿಪಾಲರ ಸಹಿ ಆಗದೆ ಚಲನ್ ಕೊಡುವಂತಿರಲಿಲ್ಲ. ಪ್ರಿನ್ಸಿಪಾಲರು ಕ್ಲಾಸಿನಲ್ಲೋ ಯೂನಿವರ್ಸಿಟಿ ಮೀಟಿಂಗಿನಲ್ಲೋ ಇರುತ್ತಿದ್ದರು. ಅವರು ಬರುವ ಹೊತ್ತಿಗೆ ಕ್ಯಾಶ್ ಕೌಂಟರ್ ಮುಚ್ಚಿರುತ್ತಿತ್ತು, ಒಂದೂವರೆಗೆ.

ಕೌಂಟರಿನಲ್ಲಿದ್ದ ಮೇಡಂ ಮೇಲೆ ಎಲ್ಲರಿಗೂ ಸಿಟ್ಟಿತ್ತು. ನಕ್ಷೆಯ ಗೆರೆಯ ಕೆಳಗೆ ನೋಡಿದಾಗ ವಿಷಯ ಬೇರೆಯೇ ಇತ್ತು. ಅದೇ ವಾರಗಳಲ್ಲಿ ಹಳೇ ಮಕ್ಕಳ ಪರೀಕ್ಷಾ ಅರ್ಜಿ, ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲಿಗೆ ವಿವರ ತುಂಬುವುದು, ಸ್ಕಾಲರ್‌ಶಿಪ್ ವಿಚಾರ ಎಲ್ಲವೂ ಅವರೊಬ್ಬರ ಮೇಜಿಗೇ ಬರುತ್ತಿತ್ತು. ಅವರಿಗೆ ನಗುಮುಖದ ತರಬೇತಿ ಕೊಡಿಸೋಣ ಅಂತ ಒಬ್ಬರು ಸಲಹೆ ಕೊಟ್ಟರು. ಅಷ್ಟು ಕೆಲಸದ ಮಧ್ಯೆ ನಗು ಅನ್ನುವುದು ಇನ್ನೊಂದು ಡ್ಯೂಟಿ ಆಗುತ್ತಿತ್ತು.

ಮಾಡಿದ ಬದಲಾವಣೆಗಳು ಸಣ್ಣವು. ಪಿಯುಸಿ ಫಲಿತಾಂಶ ಬಂದ ದಿನದಿಂದ ಪ್ರವೇಶಕ್ಕೇ ಪ್ರತ್ಯೇಕ ಮೇಜು ಹಾಕಿದೆವು. ಸಹಿಯ ಅಧಿಕಾರವನ್ನು ವಿಭಾಗದ ಮುಖ್ಯಸ್ಥರಿಗೂ ಕೊಟ್ಟರು. ಕ್ಯಾಶ್ ಕೌಂಟರ್ ಸಂಜೆ ನಾಲ್ಕರವರೆಗೆ ತೆರೆದಿತ್ತು. 2024ರಲ್ಲಿ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಲು ಶುರು ಮಾಡಿದ್ದರಿಂದ ಮಕ್ಕಳು ಒಂದೇ ಸಲ ಬರಲಿಲ್ಲ, ತಂಡ ತಂಡವಾಗಿ ಬಂದರು. ಹಾಗಾಗಿ ಮೇಜನ್ನು ಮೊದಲ ಫಲಿತಾಂಶದ ಎರಡು ವಾರಕ್ಕೇ ಎತ್ತಿಬಿಡುವಂತಿರಲಿಲ್ಲ.

ಜಗಳ ಆದದ್ದು ಫೀಸಿನ ಹಾಳೆಯ ವಿಷಯಕ್ಕೆ. ಒಂದು ವರ್ಷಕ್ಕೆ ಎಲ್ಲ ಸೇರಿ ಎಷ್ಟು ಅಂತ ಒಂದೇ ಪುಟದಲ್ಲಿ ಅಚ್ಚು ಹಾಕಿಸಿ ಕೊಡೋಣ ಅಂದೆವು. ಯೂನಿಫಾರ್ಮು, ಲ್ಯಾಬ್, ಪರೀಕ್ಷಾ ಶುಲ್ಕ ಎಲ್ಲ ಅದರಲ್ಲೇ ಇರಬೇಕು, ಕಂತಿನ ತಾರೀಖೂ ಇರಬೇಕು. ಆ ಬ್ಯಾಚಿಗೆ ಮೂರು ವರ್ಷವೂ ಅದೇ ಫೀಸು. ಕಾರ್ಯದರ್ಶಿಗಳು ಒಪ್ಪಲಿಲ್ಲ: "ಎದುರಿನವರು ಅದನ್ನೇ ನೋಡಿ ಎರಡು ಸಾವಿರ ಕಡಿಮೆ ಮಾಡ್ತಾರೆ." ಕೊನೆಗೆ ಒಂದು ವರ್ಷದ ಪ್ರಯೋಗ ಅಂತ ಒಪ್ಪಿದರು. ಅವರ ಮಾತು ಸುಳ್ಳಾಗಲಿಲ್ಲ. ಇನ್ನೊಂದು ಖಾಸಗಿ ಕಾಲೇಜು ನಿಜವಾಗಿಯೂ ಎರಡು ಸಾವಿರ ಇಳಿಸಿತು, ಒಂದಿಷ್ಟು ಮಕ್ಕಳು ಅಲ್ಲಿಗೆ ಹೋದರು. ಆದರೂ ಹಾಳೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಯಾಕೆಂದರೆ ಅದನ್ನು ಮನೆಗೆ ಒಯ್ದು ಅಜ್ಜ, ಮಾವ, ಪಕ್ಕದ ಮನೆಯ ಮೇಷ್ಟ್ರಿಗೆ ತೋರಿಸಿ ವಾಪಸ್ ಬಂದವರೇ ಜಾಸ್ತಿ. ಡಿಗ್ರಿ ಸೇರುವ ತೀರ್ಮಾನ ಕೌಂಟರಿನಲ್ಲಿ ಆಗುವುದಿಲ್ಲ, ಮನೆಯಲ್ಲಿ ಆಗುತ್ತದೆ. ಆ ಮಾತುಕತೆಯಲ್ಲಿ ನಮ್ಮ ಪರವಾಗಿ ಇದ್ದದ್ದು ಆ ಹಾಳೆ ಒಂದೇ.

ತಿರುವು: "100% ಪ್ಲೇಸ್‌ಮೆಂಟ್" ಅಳಿಸಿದ್ದು

ನಮ್ಮ ಫ್ಲೆಕ್ಸಿನಲ್ಲಿ ದಪ್ಪ ಅಕ್ಷರದಲ್ಲಿ "100% ಪ್ಲೇಸ್‌ಮೆಂಟ್" ಅಂತ ಇರುತ್ತಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಒಂದು ಸಣ್ಣ ಸಾಲದ ಕಂಪನಿ ಕ್ಯಾಂಪಸ್ಸಿಗೆ ಬಂದು, ಅರ್ಜಿ ಹಾಕಿದ ಅಷ್ಟೂ ಮಕ್ಕಳಿಗೆ ಪತ್ರ ಕೊಟ್ಟಿತ್ತು. ಊರೂರು ತಿರುಗಿ ಕಂತು ವಸೂಲಿ ಮಾಡುವ ಕೆಲಸ. ಸೇರಿದವರು ಬೆರಳೆಣಿಕೆ.

ಇದರಿಂದ ಆಗುವ ನಷ್ಟ ಫ್ಲೆಕ್ಸ್ ಹಾಕಿದ ವರ್ಷ ಕಾಣುವುದಿಲ್ಲ. ಎರಡನೇ ವರ್ಷದ ಹುಡುಗ ತನ್ನ ಹಳ್ಳಿಯಲ್ಲಿ ತಮ್ಮನ ಗೆಳೆಯನಿಗೆ, "ಕೆಲಸ ಎಲ್ಲರಿಗೂ ಸಿಗುತ್ತೆ ಕಣೋ, ವಸೂಲಿ ಕೆಲಸ" ಅಂತ ನಕ್ಕಾಗ ಕಾಣುತ್ತದೆ. ಪರಶುರಾಮನ್, ಝೈಥಾಮ್ಲ್, ಬೆರ್ರಿ ಎಂಬ ಮೂವರು 1985ರಲ್ಲಿ ಸೇವೆಯ ಗುಣಮಟ್ಟ ಎಲ್ಲೆಲ್ಲಿ ಬಿರುಕು ಬಿಡುತ್ತದೆ ಅಂತ ಬರೆದರು. ಹೊರಗೆ ಹೇಳಿದ ಮಾತಿಗೂ ಒಳಗೆ ಕೊಟ್ಟದ್ದಕ್ಕೂ ನಡುವಿನ ಅಂತರ ಅದರಲ್ಲಿ ಒಂದು. ನಮ್ಮಲ್ಲಿ ಅದನ್ನು ಅಳೆಯಲು ಪ್ರಶ್ನಾವಳಿ ಬೇಕಾಗಲಿಲ್ಲ. ಓದುತ್ತಿರುವ ಮಕ್ಕಳ ತಮ್ಮ ತಂಗಿಯರು ಎಲ್ಲಿಗೆ ಸೇರುತ್ತಿದ್ದಾರೆ ಅಂತ ಕ್ಲಾಸಿನಲ್ಲಿ ಕೈ ಎತ್ತಿಸಿದೆವು. ಹೆಚ್ಚಿನವರು ಬೇರೆ ಕಡೆ ಸೇರಿದ್ದರು. ಯಾವ ಕಾಲೇಜಿಗೂ ಇದಕ್ಕಿಂತ ಅಗ್ಗದ, ಇದಕ್ಕಿಂತ ನಿಜ ಹೇಳುವ ಸಮೀಕ್ಷೆ ಸಿಗುವುದಿಲ್ಲ ಅನ್ನಿಸುತ್ತದೆ.

100% ತೆಗೆದು ಅದರ ಜಾಗದಲ್ಲಿ ಹಿಂದಿನ ಬ್ಯಾಚಿನ 64 ಮಕ್ಕಳು ಈಗ ಎಲ್ಲಿದ್ದಾರೆ ಅಂತ ಹಾಕೋಣ ಅಂದೆವು. ಲೆಕ್ಕ ಹೀಗಿತ್ತು: 17 ಮಂದಿ ಎಂಕಾಂ ಅಥವಾ ಎಂಬಿಎ, 11 ಮಂದಿ ಆಡಿಟರ್ ಆಫೀಸು ಅಥವಾ ಅಂಗಡಿಗಳಲ್ಲಿ ಅಕೌಂಟ್ಸ್, 6 ಮಂದಿ ಬ್ಯಾಂಕು ಮತ್ತು ಫೈನಾನ್ಸ್. 9 ಮಂದಿ ಪರೀಕ್ಷೆಗಳಿಗೆ ಓದುತ್ತಿದ್ದರು. 12 ಮಂದಿ ಮನೆಯಲ್ಲಿ, ಹೊಲದಲ್ಲಿ, ಇಲ್ಲವೇ ಸ್ವಂತ ಅಂಗಡಿಯಲ್ಲಿ. 9 ಮಂದಿ ಫೋನಿಗೆ ಸಿಗಲಿಲ್ಲ.

ಕಾರ್ಯದರ್ಶಿಗಳಿಗೆ ನಿಜಕ್ಕೂ ಸಿಟ್ಟು ಬಂತು. "ಮನೇಲಿದ್ದಾರೆ ಅಂತ ನಾವೇ ಬರೆದು ಹಂಚೋದಾ? ಯಾವ ಅಂಗಡಿಯವನು ತನ್ನ ಮಾಲು ಹುಳುಕು ಅಂತ ಬೋರ್ಡ್ ಹಾಕ್ತಾನೆ?" ಅಂದರು. ಮಾತಿನಲ್ಲಿ ಅರ್ಥ ಇತ್ತು. ಕೊನೆಗೆ ಆದ ರಾಜಿ ಏನೆಂದರೆ, ಫ್ಲೆಕ್ಸಿನಲ್ಲಿ ಕೆಲಸದ ಮಾತೇ ಬೇಡ, ಕೇಳಿಕೊಂಡು ಬಂದವರಿಗೆ ಮಾತ್ರ ಈ ಪಟ್ಟಿ ಕೊಡುವುದು.

ಪಟ್ಟಿ ನೋಡಿದ ತಂದೆ ತಾಯಿಯರು 12ರ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆವು. ಹೆಚ್ಚು ಜನ ಬೆರಳಿಟ್ಟದ್ದು 11ರ ಮೇಲೆ. "ಇದು ಯಾವ ಆಡಿಟರ್ ಆಫೀಸು ಸರ್? ನಮ್ಮೂರಲ್ಲೇನಾ? ಸಂಬಳ ಎಷ್ಟು ಕೊಡ್ತಾರೆ?" ಮಗಳು ಊರಿನಲ್ಲೇ ಕೂತು ಮಾಡುವ ಲೆಕ್ಕದ ಕೆಲಸ ಅವರ ಕಣ್ಣಿಗೆ ಬೆಂಗಳೂರಿನ ಕೆಲಸಕ್ಕಿಂತ ಹತ್ತಿರವಿತ್ತು. ನಮ್ಮ ಕೋರ್ಸಿನಲ್ಲಿ ಅವರಿಗೆ ಬೇಕಾದದ್ದು ಏನು ಅಂತ ಅಷ್ಟು ವರ್ಷ ನಮಗೇ ಗೊತ್ತಿರಲಿಲ್ಲ.

ಕೋರ್ಸಿನಲ್ಲೇ ಆದ ಬದಲಾವಣೆ ಇಲ್ಲಿಂದ ಬಂತು. ಊರಿನ ಟ್ಯಾಕ್ಸ್ ಕನ್ಸಲ್ಟೆಂಟ್‌ಗಳ ಬಳಿ ಹೋದೆವು. ಜಿಎಸ್‌ಟಿಯಲ್ಲಿ ತಿಂಗಳು ತಿಂಗಳು ಸಲ್ಲಿಸುವವರಿಗೆ ಮಾರಾಟದ ಲೆಕ್ಕವಾದ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ತೆರಿಗೆ ಲೆಕ್ಕ ಮಾಡಿ ಕಟ್ಟುವ ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು ಕೊನೆ. ನಡುವೆ 14ಕ್ಕೆ ಖರೀದಿಯ ಲೆಕ್ಕ ತೋರಿಸುವ ಜಿಎಸ್‌ಟಿಆರ್-2ಬಿ ಬರುತ್ತದೆ. ವ್ಯಾಪಾರಿ ತಂದುಕೊಟ್ಟ ಖರೀದಿ ಬಿಲ್ಲುಗಳನ್ನು ಅದರ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಹಾಗಾಗಿ ಪ್ರತಿ ತಿಂಗಳು 5ರಿಂದ 20ರವರೆಗೆ ಆ ಆಫೀಸುಗಳಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆ ದಿನಗಳ ಮಧ್ಯಾಹ್ನ ಮೂರನೇ ವರ್ಷದ ಮಕ್ಕಳನ್ನು ಕಳಿಸುತ್ತೇವೆ ಅಂದೆವು. ಆರು ಆಫೀಸಿನವರು ಒಪ್ಪಿದರು, 14 ಮಕ್ಕಳು ಹೋದರು. ಮೊದಲ ತಿಂಗಳು ಬಿಲ್ಲು ಜೋಡಿಸಿ ಪಂಚ್ ಮಾಡುವುದೇ ಕೆಲಸವಾಗಿತ್ತು, ಒಬ್ಬ ಹುಡುಗ ಬೇಜಾರಾಗಿ ಬಿಟ್ಟ. ಎರಡನೇ ತಿಂಗಳಿಂದ 2ಬಿ ತಾಳೆ ನೋಡುವುದು ಕೈಗೆ ಬಂತು. ಎಲ್ಲರಿಗೂ ಇದು ಸಿಗುವುದಿಲ್ಲ. ಊರಿನಲ್ಲಿ ಇರುವುದೇ ಅಷ್ಟು ಆಫೀಸು. ಹಾಳೆಯಲ್ಲಿ ಅದನ್ನೂ ಬರೆದೆವು.

ಕೈಕೊಟ್ಟದ್ದು

ಕಾಣದ ಪಾಠವನ್ನು ಕಾಣಿಸೋಣ ಅಂತ 2024ರ ಮೇ ತಿಂಗಳಲ್ಲಿ ಮಾದರಿ ತರಗತಿ ಇಟ್ಟೆವು. ನಮ್ಮಲ್ಲಿ ಅತ್ಯಂತ ಚೆನ್ನಾಗಿ ಪಾಠ ಮಾಡುವವರು ಕಿರಾಣಿ ಅಂಗಡಿಯ ಒಂದು ದಿನದ ವ್ಯವಹಾರ ಹಿಡಿದು ಜರ್ನಲ್ ಎಂಟ್ರಿ ಹೇಳಿಕೊಟ್ಟರು. ಮಕ್ಕಳು ಖುಷಿಯಾದರು, ಹಲವರು ಸೇರಿದರು. ಆದರೆ ಅವರು ಮೊದಲ ಸೆಮಿಸ್ಟರಿಗೆ ಪಾಠ ಮಾಡುವವರೇ ಅಲ್ಲ! ಆಗಸ್ಟ್ ಮುಗಿಯುವ ಹೊತ್ತಿಗೆ "ಅವತ್ತಿನ ಸರ್ ಎಲ್ಲಿ?" ಅನ್ನುವ ದೂರು ಬಂತು. ಮಾಡುವವರು ಬದಲಾದರೆ ಸೇವೆಯೂ ಬದಲಾಗುತ್ತದೆ, ಎಲ್ಲ ಪುಸ್ತಕದಲ್ಲೂ ಇರುವ ವಿಷಯ. ಆದರೂ ಮಾದರಿ ತೋರಿಸುವಾಗ ಎಲ್ಲರ ಕೈಯೂ ಅತ್ಯುತ್ತಮವಾದದ್ದಕ್ಕೇ ಹೋಗುತ್ತದೆ. 2025ರಲ್ಲಿ ಮೊದಲ ಸೆಮಿಸ್ಟರಿನ ಇಬ್ಬರು ಮೇಡಂಗಳೇ ಮಾದರಿ ತರಗತಿ ಮಾಡಿದರು. ಅಷ್ಟು ಮಿಂಚಲಿಲ್ಲ, ದೂರೂ ಬರಲಿಲ್ಲ.

ಇನ್ನೊಂದು, ತಲೆಗೆ ಇಷ್ಟು ಅಂತ ಕೊಟ್ಟು ಮಕ್ಕಳನ್ನು ತರಿಸುವ ಪದ್ಧತಿ. ಬಹಳ ಕಡೆ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2023ರ 72ರಲ್ಲಿ 19 ಮಂದಿ ಹೀಗೆ ಬಂದವರು. ಮೊದಲ ವರ್ಷ ಮುಗಿಯುವಷ್ಟರಲ್ಲಿ 11 ಮಂದಿ ಕಾಲೇಜು ಬಿಟ್ಟರು, ಅವರಲ್ಲಿ 7 ಮಂದಿ ಈ 19ರವರು. ಹಿಟ್ಟಿನ ಗಿರಣಿಯಲ್ಲಿ ನಾವು ಒಯ್ದ ಕಾಳೇ ಹಿಟ್ಟಾಗಿ ಬರುವ ಹಾಗೆ, ಓದಿನಲ್ಲೂ ಬರುವವರ ಪಾಲು ದೊಡ್ಡದು. ಲೆಕ್ಕ ಇಷ್ಟವಿಲ್ಲದವನನ್ನು ಕಮಿಷನ್ ಕೊಟ್ಟು ಕೂರಿಸಿದರೆ ಅವನಿಗೂ ಹಿಂಸೆ, ಅವನ ಪಕ್ಕ ಕೂತವನಿಗೂ ಹಿಂಸೆ. ಬಿಟ್ಟುಹೋದವನ ಸೀಟನ್ನು ಎರಡನೇ ವರ್ಷ ಯಾರಿಗೂ ಮಾರಲು ಬರುವುದಿಲ್ಲ, ಎರಡು ವರ್ಷದ ಫೀಸು ಹೋಯಿತು. ಈ ಲೆಕ್ಕ ಹಾಕಿ ತೋರಿಸಿದ ಮೇಲೆ ಮಂಡಳಿ ಕಮಿಷನ್ ನಿಲ್ಲಿಸಿತು. ನೀತಿಯ ಮಾತು ಹೇಳಿದ್ದಾಗ ನಿಲ್ಲಿಸಿರಲಿಲ್ಲ.

ಮಕ್ಕಳನ್ನು ಗ್ರಾಹಕರೆಂದು ನೋಡುವುದು ಎಲ್ಲಿಗೆ ನಿಲ್ಲಬೇಕು ಎಂಬ ಪ್ರಶ್ನೆಯೂ ಬಂತು. ಒಬ್ಬ ಹುಡುಗನ ಹಾಜರಾತಿ 75%ಗಿಂತ ಬಹಳ ಕೆಳಗಿತ್ತು. ಪರೀಕ್ಷೆಗೆ ಕೂರಿಸುವುದಿಲ್ಲ ಅಂದಾಗ ತಂದೆ ಬಂದರು. "ನೀವೇ ಅಲ್ವಾ ಸರ್, ಏನು ತೊಂದರೆ ಇದ್ರೂ ಹೇಳಿ, ಸರಿ ಮಾಡಿಕೊಡ್ತೀವಿ ಅಂದಿದ್ದು? ಪೂರ್ತಿ ಫೀಸು ಕಟ್ಟಿದ್ದೀನಿ" ಅಂದರು. ಕಾರ್ಯದರ್ಶಿಗಳೂ ಒಂದು ಗಳಿಗೆ ಮೆತ್ತಗಾದರು. ಅವತ್ತು ಮಣಿದಿದ್ದರೆ ಅದೇ ಊರಿನ ಇಡೀ ಬ್ಯಾಚಿಗೆ ಸುದ್ದಿ ಹೋಗುತ್ತಿತ್ತು. ಪ್ರಿನ್ಸಿಪಾಲರು ಒಪ್ಪಲಿಲ್ಲ, ಹುಡುಗ ಆ ಸೆಮಿಸ್ಟರ್ ಕಳೆದುಕೊಂಡ. ಆಮೇಲೆ ಫೀಸಿನ ಹಾಳೆಯ ಹಿಂಬದಿಯಲ್ಲಿ ಎರಡು ಪಟ್ಟಿ ಹಾಕಿದೆವು. ಮಕ್ಕಳು ಕೇಳಿ ಪಡೆಯಬಹುದಾದದ್ದು: ವೇಳಾಪಟ್ಟಿಯ ಪ್ರಕಾರ ಕ್ಲಾಸು, ಹತ್ತು ದಿನದೊಳಗೆ ತಿದ್ದಿದ ಟೆಸ್ಟ್ ಪೇಪರು, ಕಟ್ಟಿದ ದುಡ್ಡಿಗೆ ರಸೀದಿ, ಸ್ಕಾಲರ್‌ಶಿಪ್ ಅರ್ಜಿಗೆ ಸಹಾಯ. ಫೀಸಿಗೆ ಸಂಬಂಧವಿಲ್ಲದ್ದು: ಅಂಕ, ಹಾಜರಾತಿ. ಹಾಜರಾತಿ ಕಡಿಮೆಯಾದರೆ ಮನೆಗೆ ಎರಡನೇ ತಿಂಗಳಲ್ಲೇ ಫೋನ್ ಬರುತ್ತದೆ ಅಂತಲೂ ಸೇರಿಸಿದೆವು. ಆ ತಂದೆಗೆ ಸುದ್ದಿ ತಲುಪಿದ್ದು ಹಾಲ್ ಟಿಕೆಟ್ ಸಮಯದಲ್ಲಿ. ಆ ಮಟ್ಟಿಗೆ ಅವರ ದೂರು ನ್ಯಾಯವಾದದ್ದೇ.

ಫಲಿತಾಂಶ, ಮತ್ತು ಅದನ್ನು ಎಷ್ಟು ನಂಬಬೇಕು

2024ರಲ್ಲಿ 81 ಮಂದಿ ಸೇರಿದರು, 2025ರಲ್ಲಿ 97. ಪ್ರಚಾರದ ಖರ್ಚು 1.8 ಲಕ್ಷದಿಂದ 60 ಸಾವಿರಕ್ಕೆ ಇಳಿದಿತ್ತು. ವಿಚಾರಿಸಲು ಬಂದವರ ಸಂಖ್ಯೆ ಹೆಚ್ಚಲಿಲ್ಲ, ಸ್ವಲ್ಪ ಕಡಿಮೆಯೇ ಆಯಿತು. ಬಂದವರಲ್ಲಿ ಉಳಿದವರು ಹೆಚ್ಚಾದರು. 2023ರ 72 ಮಂದಿಯಲ್ಲಿ ಎರಡನೇ ವರ್ಷಕ್ಕೆ ಹೋದವರು 61. 2024ರ 81ರಲ್ಲಿ 76.

ಇದೆಲ್ಲ ನಮ್ಮ ಕೆಲಸದ ಫಲ ಅಂತ ಹೇಳಲಾಗದು. 2024-25ರಿಂದ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿತು. "ಮೂರೋ ನಾಲ್ಕೋ" ಎಂಬ ಗೊಂದಲ ಹೋದದ್ದರಿಂದ ಎಲ್ಲ ಕಾಲೇಜಿಗೂ ಒಂದಿಷ್ಟು ಅನುಕೂಲ ಆಗಿರಬೇಕು. ಕೌಂಟರಿನ ಬದಲಾವಣೆಯ ಪಾಲು ಎಷ್ಟು ಅಂತ ನಂಬಬಹುದಾದದ್ದು ಅರ್ಜಿಯಿಂದ ಫೀಸಿಗೆ ಬಂದವರ ಅನುಪಾತದಲ್ಲಿ. 2023ರಲ್ಲಿ ಅರ್ಜಿ ಕೊಂಡ ಇಬ್ಬರಲ್ಲಿ ಒಬ್ಬರು ಮಾತ್ರ ಸೇರಿದ್ದರು, 2025ರಲ್ಲಿ ಮೂವರಲ್ಲಿ ಇಬ್ಬರು ಸೇರಿದರು. ಸರ್ಕಾರದ ಆದೇಶ ಆ ಅಂಕಿಯನ್ನು ಅಷ್ಟು ಬದಲಿಸಲಾರದು.

ಇದೇ ದಾರಿ ಹಿಡಿಯುವ ಕಾಲೇಜುಗಳಿಗೆ ನಾನು ಮೊದಲು ಹೇಳುವುದು ವಿಚಾರಣೆ ರಿಜಿಸ್ಟರ್ ಎಣಿಸಿ ಅಂತ. ಗೇಟಿನವರೆಗೇ ಜನ ಬರುತ್ತಿಲ್ಲವಾದರೆ ನಿಮ್ಮ ಸಮಸ್ಯೆ ಬೇರೆ, ಈ ಪ್ರಕರಣ ನಿಮಗೆ ಉಪಯೋಗಕ್ಕೆ ಬಾರದು. ಆಗ ಫ್ಲೆಕ್ಸೇ ಬೇಕಾಗಬಹುದು. ಬಂದವರು ವಾಪಸ್ ಹೋಗುತ್ತಿದ್ದರೆ ಆ ಮನೆಗಳಿಗೆ ಫೋನ್ ಮಾಡಿ. ಮಾಡುವವರು ಅಡ್ಮಿಷನ್ ಮಾಡಿಸಿಕೊಳ್ಳಲು ಮಾಡಬಾರದು, ಕೇಳಿಸಿಕೊಳ್ಳಲು ಮಾಡಬೇಕು. ನಮ್ಮಲ್ಲಿ ಅದನ್ನು ಮಾಡಿದ್ದು ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿನಿಯರು. ಮೇಷ್ಟ್ರಿಗೆ ಹೇಳದ್ದನ್ನು ಜನ ಅವರಿಗೆ ಹೇಳಿದರು.

ಈಗ ಮಂಡಳಿ ಬಿಸಿಎ ಕೋರ್ಸಿಗೂ ಇದೇ ಹಾಳೆ, ಇದೇ ಮೇಜು ಮಾಡಿ ಅನ್ನುತ್ತಿದೆ. ಮೇಜು ನಾಳೆಯೇ ಹಾಕಬಹುದು. ಹಾಳೆಗೆ ಇನ್ನೂ ಕಾಯಬೇಕು. ಬಿಸಿಎ ಲ್ಯಾಬಿನಲ್ಲಿ ಮೂವರಿಗೆ ಒಂದು ಕಂಪ್ಯೂಟರ್ ಇದೆ. ಹಾಳೆಯಲ್ಲಿ ಅದನ್ನು ಹಾಗೇ ಬರೆಯುವುದೋ, ಇನ್ನಷ್ಟು ಕಂಪ್ಯೂಟರ್ ಕೊಳ್ಳುವುದೋ ಎಂಬುದು ಮುಂದಿನ ಸಭೆಯ ವಿಷಯ.